ಒಂದೇ ವಿಡಿಯೊ, ಎರಡು ಸರಾಸರಿ: ನೋಡಿದ ನಿಮಿಷವನ್ನೂ ನೋಡಿದ ಶೇಕಡಾವಾರನ್ನೂ ಸರಿಯಾಗಿ ಓದುವ ಕ್ರಮ

ಮುಂಬೈ, ಪುಣೆಗಳಲ್ಲಿದ್ದುಕೊಂಡು ಕನ್ನಡದಲ್ಲಿ ಯೂಟ್ಯೂಬ್ ಚಾನೆಲ್ ನಡೆಸುವವರು ಮತ್ತೆ ಮತ್ತೆ ಎಡವುವುದು ಒಂದೇ ಜಾಗದಲ್ಲಿ. ಹೊಸ ವಿಡಿಯೊವನ್ನು ಜನ ಸರಾಸರಿ ಮೂರೂವರೆ ನಿಮಿಷ ನೋಡಿದ್ದಾರೆ, ಹಳೆಯದನ್ನು ನೋಡಿದ್ದು ಎರಡೂವರೆ ನಿಮಿಷಕ್ಕೂ ಕಡಿಮೆ. ಆದರೆ ಶೇಕಡಾವಾರು ನೋಡಿದರೆ ಹಳೆಯದು ಶೇ 60, ಹೊಸದು ಶೇ 30. ಹೊಸ ವಿಡಿಯೊ ಗೆದ್ದಿತೋ ಸೋತಿತೋ ಎಂದು ತಿಳಿಯದೆ, ಕಣ್ಣಿಗೆ ಕೆಟ್ಟದಾಗಿ ಕಂಡ ಅಂಕಿಯನ್ನು ನಂಬಿ ಮುಂದಿನ ವಿಡಿಯೊವನ್ನು ಅರ್ಧಕ್ಕೆ ಕತ್ತರಿಸುತ್ತಾರೆ. ಬಹಳ ಸಲ ಕತ್ತರಿ ಬೀಳಬೇಕಾದದ್ದು ಬೇರೆಡೆ ಇರುತ್ತದೆ.

ಈ ಬರಹದುದ್ದಕ್ಕೂ ಒಂದೇ ಉದಾಹರಣೆಯನ್ನು ಹಿಡಿದು ಸಾಗೋಣ. ಹುಬ್ಬಳ್ಳಿ, ಕಲಬುರಗಿ, ಉಡುಪಿ ಕಡೆಗಳಿಂದ ಮುಂಬೈಗೆ ಹೊಸದಾಗಿ ಬಂದವರಿಗೆಂದು ಡೊಂಬಿವಲಿಯಲ್ಲಿರುವ ಕನ್ನಡಿಗರೊಬ್ಬರು ಚಾನೆಲ್ ನಡೆಸುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಅವರ ಹಳೆಯ ವಿಡಿಯೊ ಲೋಕಲ್ ರೈಲಿನ ಇಂಡಿಕೇಟರ್ ಓದುವುದು ಹೇಗೆ ಎಂಬುದರ ಬಗ್ಗೆ ಇದ್ದು, ಅದರ ಉದ್ದ 4 ನಿಮಿಷ. ಹೊಸ ವಿಡಿಯೊ ದಾದರ್‌ನಲ್ಲಿ ಸೆಂಟ್ರಲ್ ಲೈನ್‌ನಿಂದ ವೆಸ್ಟರ್ನ್ ಲೈನ್‌ಗೆ ಬದಲಾಯಿಸುವುದರ ಬಗ್ಗೆ, ಅದರ ಉದ್ದ 12 ನಿಮಿಷ. ಎರಡಕ್ಕೂ ತಲಾ 2,000 ವೀಕ್ಷಣೆಗಳು ಬಂದಿವೆ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ದುಂಡಾಗಿ ಇಟ್ಟಿದ್ದೇನೆ.

## ಮೊದಲು ಕೈಯಲ್ಲಿರಬೇಕಾದದ್ದು

ಯೂಟ್ಯೂಬ್ ಸ್ಟುಡಿಯೊವನ್ನು ಮೊಬೈಲ್ ಆ್ಯಪ್‌ನಲ್ಲಿ ನೋಡುವುದಕ್ಕಿಂತ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ತೆರೆಯುವುದು ಒಳ್ಳೆಯದು, ಏಕೆಂದರೆ ಮುಂದೆ ಬೇಕಾಗುವ ವಿಂಗಡಣೆಗಳು ಅಲ್ಲಿ ಒಂದೇ ಕಡೆ ಸಿಗುತ್ತವೆ. ಜೊತೆಗೆ ಒಂದು ಗೂಗಲ್ ಶೀಟ್ ಅಥವಾ ಹಾಳೆ ಮತ್ತು ಪೆನ್ನು ಇದ್ದರೆ ಸಾಕು. ವಿಡಿಯೊ ಪ್ರಕಟವಾದ ದಿನವೇ ಈ ಕೆಲಸಕ್ಕೆ ಕೂರಬೇಡಿ. ಪ್ರೇಕ್ಷಕರು ಎಲ್ಲಿಯವರೆಗೆ ಉಳಿದರು ಎಂಬ ಮಾಹಿತಿ ಸಿದ್ಧವಾಗಲು ಸಾಮಾನ್ಯವಾಗಿ ಒಂದೆರಡು ದಿನ ಹಿಡಿಯುತ್ತದೆ.

## ಹಂತ 1: ನಾಲ್ಕು ಅಂಕಿಗಳನ್ನು ಒಂದೇ ಅವಧಿಗೆ ಬರೆದುಕೊಳ್ಳಿ

ಸ್ಟುಡಿಯೊದ ಎಡಬದಿಯಲ್ಲಿ Content ಒತ್ತಿ, ಬೇಕಾದ ವಿಡಿಯೊ ಆರಿಸಿ, Analytics ತೆರೆಯಿರಿ. ಅಲ್ಲಿಂದ Advanced mode ಗೆ ಹೋಗಿ Views, Watch time, Average view duration, Average percentage viewed ಎಂಬ ನಾಲ್ಕು ಅಳತೆಗಳನ್ನು ಆರಿಸಿಕೊಳ್ಳಿ. ಮೂರನೆಯದನ್ನು ಇಲ್ಲಿ ಸರಾಸರಿ ಅವಧಿ ಎಂದೂ ನಾಲ್ಕನೆಯದನ್ನು ಸರಾಸರಿ ಶೇಕಡಾವಾರು ಎಂದೂ ಕರೆಯುತ್ತೇನೆ. ಇವುಗಳ ಪಕ್ಕದಲ್ಲಿ ವಿಡಿಯೊದ ಉದ್ದವನ್ನು ತಪ್ಪದೆ ಬರೆಯಿರಿ. ಹೆಚ್ಚಿನವರು ಬರೆಯದೆ ಬಿಡುವುದು ಇದನ್ನೇ, ಆದರೆ ಎರಡು ಸರಾಸರಿಗಳ ನಡುವಿನ ವ್ಯತ್ಯಾಸವೆಲ್ಲ ಅಡಗಿರುವುದು ಇದರಲ್ಲೇ.

ಮೇಲ್ಭಾಗದಲ್ಲಿ ಯಾವ ದಿನಾಂಕಗಳ ಅವಧಿ ಇದೆ ಎಂಬುದನ್ನೂ ಗಮನಿಸಿ. ಒಂದು ವಿಡಿಯೊದ ಮೊದಲ 28 ದಿನಗಳನ್ನು ಇನ್ನೊಂದರ ಇಡೀ ಆಯುಷ್ಯದೊಂದಿಗೆ ಹೋಲಿಸಿದರೆ ಮುಂದಿನ ಯಾವ ಹಂತವೂ ಸರಿಬರುವುದಿಲ್ಲ. ಚಾನೆಲ್‌ನ ಒಟ್ಟು ಸರಾಸರಿಯಿಂದಲೂ ಶುರು ಮಾಡಬೇಡಿ. ಅದರಲ್ಲಿ ಶಾರ್ಟ್ಸ್ ಕೂಡ ಸೇರಿಕೊಂಡಿರುತ್ತವೆ. ಅರ್ಧ ನಿಮಿಷದ ಶಾರ್ಟ್ ಅನ್ನು ಜನ ಮತ್ತೆ ಮತ್ತೆ ನೋಡಿದರೆ ಅದರ ಶೇಕಡಾವಾರು ನೂರನ್ನೂ ದಾಟಬಹುದು, ಆದರೆ ಅವಧಿ ಸೆಕೆಂಡುಗಳಲ್ಲೇ ಉಳಿಯುತ್ತದೆ. ಅಂಥವು ಬೆರೆತಾಗ ಚಾನೆಲ್‌ನ ಶೇಕಡಾವಾರು ಮೇಲೇರಿ, ಅವಧಿ ಕೆಳಗಿಳಿದು, ಯಾವ ವಿಡಿಯೊಗೂ ಸೇರದ ಒಂದು ಚಿತ್ರ ಮೂಡುತ್ತದೆ.

## ಹಂತ 2: ನಿಮಿಷಗಳನ್ನು ಸೆಕೆಂಡಿಗೆ ತಂದು ಲೆಕ್ಕ ತಾಳೆ ನೋಡಿ

ಒಟ್ಟು ನೋಡಿದ ಸಮಯವನ್ನು ವೀಕ್ಷಣೆಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ಅವಧಿ. ಆ ಅವಧಿಯನ್ನು ವಿಡಿಯೊದ ಉದ್ದದಿಂದ ಭಾಗಿಸಿದರೆ ಸರಾಸರಿ ಶೇಕಡಾವಾರು. ಅಂದರೆ ಒಂದು ವಿಡಿಯೊದ ಮಟ್ಟಿಗೆ ಇವು ಎರಡು ಬೇರೆ ಬೇರೆ ಅಳತೆಗಳಲ್ಲ, ಒಂದೇ ಅಳತೆಯನ್ನು ಎರಡು ಬಗೆಯಲ್ಲಿ ಭಾಗಿಸಿದ್ದು. ದಾದರ್ ವಿಡಿಯೊದ ಸರಾಸರಿ ಅವಧಿ ಪರದೆಯ ಮೇಲೆ 3:36 ಎಂದು ಕಾಣುತ್ತದೆ. ಲೆಕ್ಕ ಹೀಗೆ:

```
=(3*60+36)/(12*60)
```

ಉತ್ತರ 0.30, ಅಂದರೆ ಶೇ 30. ಹಳೆಯ ಇಂಡಿಕೇಟರ್ ವಿಡಿಯೊದ ಸರಾಸರಿ 2:24, ಅಂದರೆ 144 ಸೆಕೆಂಡು. ಅದನ್ನು 240ರಿಂದ ಭಾಗಿಸಿದರೆ ಶೇ 60. ಇಲ್ಲಿ ಪದೇ ಪದೇ ಆಗುವ ತಪ್ಪೆಂದರೆ 3:36 ಅನ್ನು 3.36 ನಿಮಿಷ ಎಂದು ಬರೆಯುವುದು. ಅದು 3.6 ನಿಮಿಷ. ಪರದೆಯ ಶೇಕಡಾವಾರಿಗೂ ನಿಮ್ಮ ಲೆಕ್ಕಕ್ಕೂ ಒಂದು ಅಂಶಕ್ಕಿಂತ ಹೆಚ್ಚು ಅಂತರ ಬಂದರೆ ಮೊದಲು ಈ ತಪ್ಪನ್ನೂ, ಆಮೇಲೆ ದಿನಾಂಕಗಳ ಅವಧಿಯನ್ನೂ, ನಂತರ ವಿಡಿಯೊವನ್ನು ಪ್ರಕಟಿಸಿದ ಮೇಲೆ ಎಲ್ಲಾದರೂ ಕತ್ತರಿಸಿ ಉದ್ದ ಬದಲಾಗಿದೆಯೇ ಎಂಬುದನ್ನೂ ಪರೀಕ್ಷಿಸಿ.

## ಹಂತ 3: ಪ್ರತಿ ಅಂಕಿಯನ್ನೂ ಅದರದೇ ಪ್ರಶ್ನೆಗೆ ಬಳಸಿ

ಸರಾಸರಿ ಅವಧಿ ಹೇಳುವುದು, ಒಬ್ಬ ಪ್ರೇಕ್ಷಕ ಈ ವಿಡಿಯೊಗೆ ತನ್ನ ಎಷ್ಟು ಸಮಯ ಕೊಟ್ಟ ಎಂಬುದನ್ನು. ಇದನ್ನು ಬೇರೆ ಉದ್ದದ ವಿಡಿಯೊಗಳ ಪಕ್ಕದಲ್ಲೂ ಇಟ್ಟು ನೋಡಬಹುದು. ದಾದರ್ ವಿಡಿಯೊ 2,000 ವೀಕ್ಷಣೆಗಳಿಂದ 120 ಗಂಟೆಗಳಷ್ಟು ನೋಡುವ ಸಮಯ ಗಳಿಸಿದೆ, ಇಂಡಿಕೇಟರ್ ವಿಡಿಯೊ ಅಷ್ಟೇ ವೀಕ್ಷಣೆಗಳಿಂದ 80 ಗಂಟೆ. ಜಾಹೀರಾತು ಆದಾಯಕ್ಕೆ ಅರ್ಹತೆ ಪಡೆಯಲು 12 ತಿಂಗಳಲ್ಲಿ 4,000 ಗಂಟೆಗಳ ಹಾದಿಯಲ್ಲಿರುವ ಚಾನೆಲ್‌ಗೆ ಇದು ಸಣ್ಣ ವ್ಯತ್ಯಾಸವಲ್ಲ.

ಸರಾಸರಿ ಶೇಕಡಾವಾರು ಹೇಳುವುದು, ವಿಡಿಯೊದ ಉದ್ದ ಅದರೊಳಗಿನ ವಿಷಯಕ್ಕೆ ಹೊಂದಿದೆಯೇ ಎಂಬುದನ್ನು. ಉದ್ದ ಹೆಚ್ಚಿದಷ್ಟೂ ಶೇಕಡಾವಾರು ಇಳಿಯುವುದು ಸಹಜ. ನಾಲ್ಕು ನಿಮಿಷದ ವಿಡಿಯೊವನ್ನು ಶೇ 60ರಷ್ಟು ನೋಡಿಸುವುದಕ್ಕೂ ಹನ್ನೆರಡು ನಿಮಿಷದ್ದನ್ನು ಅಷ್ಟೇ ನೋಡಿಸುವುದಕ್ಕೂ ಹೋಲಿಕೆಯೇ ಇಲ್ಲ. ಆದ್ದರಿಂದ ಶೇಕಡಾವಾರನ್ನು ಹೆಚ್ಚುಕಡಿಮೆ ಅಷ್ಟೇ ಉದ್ದದ ನಿಮ್ಮದೇ ವಿಡಿಯೊಗಳೊಂದಿಗೆ ಮಾತ್ರ ಹೋಲಿಸಿ. ಇಂತಿಷ್ಟು ಶೇಕಡಾ ಇದ್ದರೆ ವಿಡಿಯೊ ಒಳ್ಳೆಯದು ಎಂದು ಉದ್ದವನ್ನು ಕೇಳದೆಯೇ ಹೇಳುವ ಸಲಹೆಗಳನ್ನು ಬದಿಗಿಡುವುದೇ ಲೇಸು.

ಹಾಗಾದರೆ ನಮ್ಮ ಉದಾಹರಣೆಯ ಶೇ 30ಕ್ಕೂ ಶೇ 60ಕ್ಕೂ ನಡುವಿನ ಅಂತರ ಏನನ್ನೂ ಸಾಬೀತು ಮಾಡುವುದಿಲ್ಲ. ಪ್ರತಿ ಪ್ರೇಕ್ಷಕನಿಂದ 72 ಸೆಕೆಂಡು ಹೆಚ್ಚು ಸಿಕ್ಕಿದೆ ಎಂಬುದು ನಿಜ. ಹನ್ನೆರಡು ನಿಮಿಷ ಬೇಕಿತ್ತೇ ಎಂಬ ಪ್ರಶ್ನೆ ಇನ್ನೂ ಹಾಗೆಯೇ ಉಳಿದಿದೆ, ಅದಕ್ಕೆ ಉತ್ತರ ಸರಾಸರಿಗಳಲ್ಲಿ ಸಿಗುವುದಿಲ್ಲ. ಅದಕ್ಕಾಗಿ ಯಾವ ಕ್ಷಣದವರೆಗೆ ಎಷ್ಟು ಜನ ಉಳಿದರು ಎಂದು ತೋರಿಸುವ ರೇಖೆಯನ್ನು ತೆರೆಯಬೇಕು.

## ಹಂತ 4: ಮೂವತ್ತನೇ ಸೆಕೆಂಡಿನಲ್ಲಿ ಪ್ರೇಕ್ಷಕರನ್ನು ಎರಡು ಗುಂಪು ಮಾಡಿ

ವಿಡಿಯೊದ Engagement ಪುಟದಲ್ಲಿ Key moments for audience retention ಎಂಬ ರೇಖೆ ಇದೆ. ಪ್ರತಿ ಕ್ಷಣದಲ್ಲೂ ನೂರಕ್ಕೆ ಎಷ್ಟು ಜನ ಇನ್ನೂ ನೋಡುತ್ತಿದ್ದರು ಎಂಬುದನ್ನು ಅದು ತೋರಿಸುತ್ತದೆ. ರೇಖೆಯ ಸರಾಸರಿ ಎತ್ತರವೇ ಸರಾಸರಿ ಶೇಕಡಾವಾರು. ಒಂದೇ ಸರಾಸರಿ ಎತ್ತರ ಬರಲು ರೇಖೆ ಹತ್ತಾರು ಆಕಾರಗಳಲ್ಲಿ ಇರಬಹುದಾದ್ದರಿಂದ ಆಕಾರವನ್ನು ನೋಡದೆ ತೀರ್ಮಾನಕ್ಕೆ ಬರುವಂತಿಲ್ಲ.

ದಾದರ್ ವಿಡಿಯೊದಲ್ಲಿ 0:30ರ ಹೊತ್ತಿಗೆ ಶೇ 55 ಜನ ಉಳಿದಿದ್ದಾರೆ, ಮಿಕ್ಕ 45 ಜನ ಹೊರಟುಹೋಗಿದ್ದಾರೆ. ಹೋದವರು ತಲಾ ಸುಮಾರು 15 ಸೆಕೆಂಡು ನೋಡಿದರೆಂದು ಹಿಡಿಯಿರಿ. ನೂರು ಜನರ ಒಟ್ಟು ಸಮಯ 100 × 216, ಅಂದರೆ 21,600 ಸೆಕೆಂಡು. ಅದರಲ್ಲಿ ಹೋದವರ ಪಾಲು 45 × 15, ಅಂದರೆ 675. ಮಿಕ್ಕ 20,925 ಸೆಕೆಂಡು ಉಳಿದ 55 ಜನರದು. ಭಾಗಿಸಿದರೆ ತಲಾ ಸುಮಾರು 380 ಸೆಕೆಂಡು, ಅಂದರೆ 6 ನಿಮಿಷ 20 ಸೆಕೆಂಡು.

ಇಲ್ಲಿಗೆ ಚಿತ್ರವೇ ಬದಲಾಗುತ್ತದೆ. 3:36 ನಿಮಿಷ ನೋಡಿದ ಪ್ರೇಕ್ಷಕ ಎಂಬವನು ಬಹುಮಟ್ಟಿಗೆ ಇಲ್ಲವೇ ಇಲ್ಲ. ಕಾಲು ನಿಮಿಷಕ್ಕೆ ಎದ್ದುಹೋದ ಒಂದು ಗುಂಪು ಇದೆ, ಆರು ನಿಮಿಷಕ್ಕೂ ಹೆಚ್ಚು ಕೂತ ಇನ್ನೊಂದು ಗುಂಪು ಇದೆ. ಕೂತವರು ವಿಡಿಯೊದ ಶೇ 53ರಷ್ಟನ್ನು ನೋಡಿದ್ದಾರೆ. ಎದ್ದುಹೋದವರು ವಿಡಿಯೊ ಉದ್ದವಾಯಿತೆಂದು ಹೋದವರಲ್ಲ, ಏಕೆಂದರೆ ಅವರಿಗೆ ಉದ್ದದ ಅನುಭವವೇ ಆಗಿಲ್ಲ. ಅವರು ಹೋದ ಕಾರಣ ಆರಂಭದಲ್ಲಿದೆ.

ಈ ಹಂತದಲ್ಲಿ ಮೊದಲ ಮೂವತ್ತು ಸೆಕೆಂಡುಗಳನ್ನು ಧ್ವನಿಯೊಂದಿಗೆ ನೋಡಿ, ಪ್ರತಿ ಐದು ಸೆಕೆಂಡಿಗೆ ಪರದೆಯಲ್ಲಿ ಏನಿದೆ ಎಂದು ಬರೆದುಕೊಳ್ಳಿ. ನಮ್ಮ ಉದಾಹರಣೆಯಲ್ಲಿ ಮೊದಲ ಎಂಟು ಸೆಕೆಂಡು ಚಾನೆಲ್‌ನ ಲೋಗೊ ಮತ್ತು ಸಂಗೀತ. ಆಮೇಲೆ ನಮಸ್ಕಾರ, ಸಬ್‌ಸ್ಕ್ರೈಬ್ ಮಾಡಿ ಎಂಬ ವಿನಂತಿ, ಮುಂಬೈಯ ಜನಜಂಗುಳಿಯ ಬಗ್ಗೆ ನಾಲ್ಕು ಮಾತು. ದಾದರ್‌ನ 1ರಿಂದ 7ರವರೆಗಿನ ಪ್ಲಾಟ್‌ಫಾರ್ಮ್‌ಗಳು ವೆಸ್ಟರ್ನ್‌ಗೆ, 8ರಿಂದ 14 ಸೆಂಟ್ರಲ್‌ಗೆ ಎಂಬ ಮಾತು, ಅಂದರೆ ವಿಡಿಯೊ ತೆರೆದವನಿಗೆ ಬೇಕಾಗಿದ್ದ ಮೊದಲ ಮಾತು, ಬರುವುದು 0:48ಕ್ಕೆ. ಸ್ಟೇಷನ್ನಿನ ಮೇಲ್ಸೇತುವೆಯ ಮೇಲೆ ನಿಂತು ಮೊಬೈಲ್ ಹಿಡಿದಿರುವವನು ಅಲ್ಲಿಯವರೆಗೆ ಕಾಯುವುದಿಲ್ಲ.

## ಹಂತ 5: ವಿಷಯ ಮುಗಿದ ಜಾಗವನ್ನು ರೇಖೆಯಲ್ಲಿ ಗುರುತಿಸಿ

ಮೂವತ್ತನೇ ಸೆಕೆಂಡಿನಿಂದ ಮುಂದೆ ರೇಖೆ ನಿಧಾನವಾಗಿ ಇಳಿಯುವುದು ಎಲ್ಲ ವಿಡಿಯೊಗಳಲ್ಲೂ ಇದ್ದದ್ದೇ. ಅದರ ಬಗ್ಗೆ ಚಿಂತೆ ಬೇಡ. ಹುಡುಕಬೇಕಾದದ್ದು ಒಮ್ಮೆಲೇ ಕುಸಿಯುವ ಜಾಗವನ್ನು. ದಾದರ್ ವಿಡಿಯೊದಲ್ಲಿ 0:30ಕ್ಕೆ 55 ಇದ್ದದ್ದು 6:00ರ ಹೊತ್ತಿಗೂ 40 ಇದೆ. ಐದೂವರೆ ನಿಮಿಷಗಳಲ್ಲಿ ಹದಿನೈದೇ ಜನ ಹೋಗಿದ್ದಾರೆ ಎಂದರೆ ನಡುವಿನ ಭಾಗ ಗಟ್ಟಿಯಾಗಿದೆ ಎಂದೇ ಅರ್ಥ. ಅಲ್ಲಿಂದ ಬರೀ ಮೂವತ್ತು ಸೆಕೆಂಡಿನಲ್ಲಿ 40 ಇದ್ದದ್ದು 14ಕ್ಕೆ ಬೀಳುತ್ತದೆ, ಮತ್ತೆ ಕೊನೆಯವರೆಗೆ ತೆವಳುತ್ತ 3ಕ್ಕೆ ಇಳಿಯುತ್ತದೆ.

6:00ಕ್ಕೆ ಏನಾಯಿತು ಎಂದು ನೋಡಿದರೆ, ರೈಲು ಬದಲಾಯಿಸುವ ವಿವರಣೆ ಅಲ್ಲಿಗೆ ಮುಗಿದು, ಸ್ಟೇಷನ್ನಿನ ಪಶ್ಚಿಮಕ್ಕಿರುವ ಹೂವಿನ ಮಾರುಕಟ್ಟೆಯ ಸುತ್ತಾಟ ಶುರುವಾಗಿದೆ. ಮಾರುಕಟ್ಟೆಯ ದೃಶ್ಯಗಳು ಚೆನ್ನಾಗಿಯೇ ಇರಬಹುದು. ಆದರೆ ಅದಕ್ಕೆ ಬಂದ ಪ್ರೇಕ್ಷಕರು ಇವರಲ್ಲ.

ಈಗ ಒಂದು ಲೆಕ್ಕ ಮಾಡಿ ನೋಡೋಣ. ವಿಡಿಯೊವನ್ನು 6:30ಕ್ಕೆ ನಿಲ್ಲಿಸಿದ್ದರೆ, ಇದೇ ಜನ ಹೀಗೆಯೇ ನೋಡಿದ್ದರೆ, ಸರಾಸರಿ ಅವಧಿ 3:36ರಿಂದ 3:08ಕ್ಕೆ ಇಳಿಯುತ್ತಿತ್ತು, ಶೇಕಡಾವಾರು ಮಾತ್ರ 30ರಿಂದ 48ಕ್ಕೆ ಏರುತ್ತಿತ್ತು. ಒಬ್ಬನೇ ಒಬ್ಬ ಪ್ರೇಕ್ಷಕನೂ ಒಂದು ಸೆಕೆಂಡು ಹೆಚ್ಚು ನೋಡಿಲ್ಲ, ಒಟ್ಟು ಸಮಯ 120 ಗಂಟೆಗಳಿಂದ ಸುಮಾರು 104ಕ್ಕೆ ಇಳಿದಿದೆ, ಆದರೂ ಶೇಕಡಾವಾರು ಹದಿನೆಂಟು ಅಂಶ ಜಿಗಿದಿದೆ. ಶೇಕಡಾವಾರನ್ನು ಮಾತ್ರ ಬೆನ್ನಟ್ಟುವವರು ಮೋಸಹೋಗುವುದು ಇಲ್ಲಿ.

ಇದಕ್ಕೆ ಪ್ರತಿಯಾಗಿ 6:30ರ ನಂತರದ ಬಾಲವನ್ನು ಮುಟ್ಟದೆ ಆರಂಭವನ್ನು ಮಾತ್ರ ಸರಿಪಡಿಸಿ, 0:30ಕ್ಕೆ 55ರ ಬದಲು 70 ಜನ ಉಳಿದರೆಂದುಕೊಳ್ಳಿ. ಹೊಸದಾಗಿ ಉಳಿದವರೂ ಉಳಿದವರಂತೆಯೇ ನೋಡಿದರೆ ಸರಾಸರಿ ಅವಧಿ ಸುಮಾರು 4:31, ಶೇಕಡಾವಾರು ಸುಮಾರು 38. ನಿಜದಲ್ಲಿ ಅವರು ಅಷ್ಟು ಹೊತ್ತು ಕೂರದೆ ಇರಬಹುದು, ಏರಿಕೆ ಇದಕ್ಕಿಂತ ಸ್ವಲ್ಪ ಕಡಿಮೆಯಾಗಬಹುದು. ಆದರೂ ಎರಡೂ ಅಂಕಿಗಳು ಒಟ್ಟಿಗೆ ಮೇಲೇರುತ್ತವೆ ಎಂಬುದನ್ನು ಗಮನಿಸಿ. ಎರಡೂ ಏರಿದರೆ ಜನ ಹೆಚ್ಚು ನೋಡಿದ್ದಾರೆ. ಶೇಕಡಾವಾರು ಮಾತ್ರ ಏರಿ ಅವಧಿ ಇಳಿದರೆ ಅಥವಾ ನಿಂತಲ್ಲೇ ನಿಂತರೆ ವಿಡಿಯೊ ಚಿಕ್ಕದಾಗಿದೆ, ಅಷ್ಟೆ. ಅವಧಿ ಏರಿ ಶೇಕಡಾವಾರು ಇಳಿದರೆ ವಿಡಿಯೊ ಉದ್ದವಾಗಿದೆ, ಸೇರಿಸಿದ ನಿಮಿಷಗಳಲ್ಲಿ ಒಂದು ಭಾಗಕ್ಕೆ ಮಾತ್ರ ಪ್ರೇಕ್ಷಕರು ಸಿಕ್ಕಿದ್ದಾರೆ.

## ಹಂತ 6: ಪ್ರೇಕ್ಷಕರು ಎಲ್ಲಿಂದ ಬಂದರು ಎಂದು ವಿಂಗಡಿಸಿ

Advanced mode ನಲ್ಲೇ Traffic source ಆರಿಸಿದರೆ ಒಂದೇ ವಿಡಿಯೊದ ಸರಾಸರಿ ಹಲವು ತುಂಡಾಗುತ್ತದೆ. ದಾದರ್ ವಿಡಿಯೊಗೆ YouTube search ಮೂಲಕ 800 ವೀಕ್ಷಣೆಗಳು ಬಂದಿದ್ದು ಅವರ ಸರಾಸರಿ 5:30, ಅಂದರೆ ಶೇ 46. Browse features ಮೂಲಕ, ಅಂದರೆ ಮುಖಪುಟದಲ್ಲಿ ಕಣ್ಣಿಗೆ ಬಿದ್ದು ಒತ್ತಿದವರು 1,200, ಅವರ ಸರಾಸರಿ 2:20, ಅಂದರೆ ಶೇ 19. ಹುಡುಕಿ ಬಂದವನಿಗೆ ದಾದರ್‌ನಲ್ಲಿ ಇಳಿಯುವ ಅಗತ್ಯವಿದೆ. ಮುಖಪುಟದಿಂದ ಬಂದವರಲ್ಲಿ ಧಾರವಾಡದಲ್ಲಿ ಕುಳಿತು ಕುತೂಹಲಕ್ಕೆ ಒತ್ತಿದವರೂ ಇರುತ್ತಾರೆ.

ಇದರಿಂದ ಒಂದು ಎಚ್ಚರಿಕೆ ಹುಟ್ಟುತ್ತದೆ. ವಿಡಿಯೊ ಪ್ರಕಟವಾಗಿ ಕೆಲವು ದಿನಗಳಾದ ಮೇಲೆ ಎರಡೂ ಸರಾಸರಿಗಳು ಒಟ್ಟಿಗೆ ಇಳಿಯತೊಡಗಿದರೆ ಗಾಬರಿಯಾಗುವ ಮೊದಲು ವೀಕ್ಷಣೆಗಳನ್ನು ನೋಡಿ. ವೀಕ್ಷಣೆಗಳು ಏರುತ್ತಿದ್ದು, ಏರಿಕೆಯೆಲ್ಲ ಮುಖಪುಟದಿಂದ ಬರುತ್ತಿದ್ದರೆ, ಹುಡುಕಿ ಬಂದವರ ಸರಾಸರಿ ಅಲುಗಾಡದೆ ಇದ್ದರೆ, ವಿಡಿಯೊ ಕೆಟ್ಟಿಲ್ಲ. ಅದು ಮೊದಲಿಗಿಂತ ಹೊರವಲಯದ ಜನರನ್ನು ತಲುಪುತ್ತಿದೆ. ಹುಡುಕಿ ಬಂದವರ ಸರಾಸರಿಯೇ ಇಳಿಯುತ್ತಿದ್ದರೆ ಮಾತ್ರ ವಿಡಿಯೊದಲ್ಲಿನ ಮಾಹಿತಿ ಹಳತಾಗಿದೆಯೇ ಎಂದು ಪರಿಶೀಲಿಸಬೇಕು. ದಾದರ್‌ನ ಸೆಂಟ್ರಲ್ ಪ್ಲಾಟ್‌ಫಾರ್ಮ್‌ಗಳ ಸಂಖ್ಯೆಗಳು 2023ರ ಡಿಸೆಂಬರ್‌ನಲ್ಲಿ ಬದಲಾದವು. ಅದಕ್ಕಿಂತ ಹಿಂದಿನ ಯಾವ ವಿಡಿಯೊದಲ್ಲೂ ಇದೇ ತೊಂದರೆ ಕಾಣಿಸಿಕೊಳ್ಳಬಹುದು.

## ಹಂತ 7: ಕತ್ತರಿಸುವ ಮುನ್ನ ನೋಡಬೇಕಾದದ್ದು

ಬಾಲ ಬೇಡವೆಂದು ಖಚಿತವಾದರೆ ಸ್ಟುಡಿಯೊದ Editor ನಲ್ಲೇ ಅದನ್ನು ತೆಗೆಯಬಹುದು, ವಿಡಿಯೊದ ಕೊಂಡಿಯೂ ವೀಕ್ಷಣೆಗಳೂ ಉಳಿಯುತ್ತವೆ. ಲಕ್ಷ ವೀಕ್ಷಣೆ ದಾಟಿದ ವಿಡಿಯೊಗಳಲ್ಲಿ, ಚಾನೆಲ್ ಪಾರ್ಟ್‌ನರ್ ಪ್ರೋಗ್ರಾಂನಲ್ಲಿ ಇಲ್ಲದಿದ್ದರೆ, ಇಂಥ ಬದಲಾವಣೆಯನ್ನು ಉಳಿಸಲು ಬಾರದೆ ಇರಬಹುದು. ಆದಾಯ ಬರುತ್ತಿರುವ ಚಾನೆಲ್ ಆಗಿದ್ದರೆ ಇನ್ನೊಂದು ವಿಷಯವಿದೆ. ವಿಡಿಯೊದ ನಡುವೆ ಜಾಹೀರಾತು ಹಾಕಲು ಅದು ಕನಿಷ್ಠ 8 ನಿಮಿಷ ಇರಬೇಕು. ಹನ್ನೆರಡು ನಿಮಿಷವನ್ನು ಆರೂವರೆಗೆ ಇಳಿಸಿದರೆ ಆ ಅವಕಾಶ ಹೋಗುತ್ತದೆ. ಹಾಗೆಂದು ಬಾಲವನ್ನು ಇಟ್ಟುಕೊಂಡರೂ ಅಲ್ಲಿ ಉಳಿಯುವುದು ನೂರಕ್ಕೆ ಹದಿನಾಲ್ಕು ಜನ ಮಾತ್ರ ಎಂಬುದನ್ನು ನೆನಪಿಡಿ.

ನನ್ನ ಅಭಿಪ್ರಾಯದಲ್ಲಿ ಇಂಥ ಸಂದರ್ಭದಲ್ಲಿ ದಾದರ್ ವಿಡಿಯೊದ ಆರಂಭವನ್ನು ಮೊದಲು ಸರಿಪಡಿಸಬೇಕು. ಲೋಗೊ, ಸಂಗೀತ, ವಿನಂತಿಗಳನ್ನು ಕತ್ತರಿಸಿ, ಪ್ಲಾಟ್‌ಫಾರ್ಮ್‌ಗಳ ಮಾತು ಮೊದಲ ಹತ್ತು ಸೆಕೆಂಡಿನೊಳಗೆ ಬರುವಂತೆ ಮಾಡಬೇಕು. ಹೂವಿನ ಮಾರುಕಟ್ಟೆಗೆ ಅದರದೇ ಶೀರ್ಷಿಕೆಯುಳ್ಳ ಬೇರೆ ವಿಡಿಯೊ ಮಾಡುವುದು ಎರಡನೆಯ ಕೆಲಸ. ಎರಡನ್ನೂ ಒಂದೇ ದಿನ ಮಾಡಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ಆರಂಭವನ್ನು ಕತ್ತರಿಸಿದಾಗಲೂ ಉದ್ದ ಸ್ವಲ್ಪ ಇಳಿಯುವುದರಿಂದ ಶೇಕಡಾವಾರು ತಾನಾಗಿಯೇ ತುಸು ಏರುತ್ತದೆ. ಆದ್ದರಿಂದ ಇಲ್ಲೂ ತೀರ್ಪು ಕೊಡಬೇಕಾದದ್ದು ಅವಧಿಯೇ.

## ಹಂತ 8: ಬದಲಾವಣೆಯ ನಂತರ ಮರಳಿ ಅಳೆಯಿರಿ

ಕತ್ತರಿಸಿದ ದಿನಾಂಕವನ್ನು ಬರೆದಿಟ್ಟುಕೊಂಡು, ಅದರ ಮರುದಿನದಿಂದ ಮಾತ್ರ ದಿನಾಂಕಗಳ ಅವಧಿಯನ್ನು ಆರಿಸಿ. ವಿಡಿಯೊದ ಇಡೀ ಆಯುಷ್ಯದ ಸರಾಸರಿಯಲ್ಲಿ ಹಳೆಯ 12 ನಿಮಿಷದ ನೋಟಗಳೂ ಹೊಸ ಉದ್ದದ ನೋಟಗಳೂ ಬೆರೆತು ಹೋಗುತ್ತವೆ. ಹೋಲಿಕೆಯನ್ನು ಆಗಮನದ ಒಂದೇ ದಾರಿಗೆ ಸೀಮಿತಗೊಳಿಸಿ. ಹುಡುಕಿ ಬಂದವರನ್ನು ಹುಡುಕಿ ಬಂದವರೊಂದಿಗೆ ಮಾತ್ರ ಹೋಲಿಸಿದರೆ ಪ್ರೇಕ್ಷಕರ ಮಿಶ್ರಣ ಬದಲಾದದ್ದು ಲೆಕ್ಕವನ್ನು ಕೆಡಿಸುವುದಿಲ್ಲ.

ಕೆಲವೇ ವೀಕ್ಷಣೆಗಳ ಮೇಲೆ ತೀರ್ಪು ಕೊಡುವುದು ಈ ಹಂತದಲ್ಲಿ ಆಗುವ ದೊಡ್ಡ ತಪ್ಪು. 40 ವೀಕ್ಷಣೆಗಳಿರುವಾಗ ಒಬ್ಬನೇ ಪ್ರೇಕ್ಷಕ ಕೂಡಲೇ ಎದ್ದುಹೋಗುವ ಬದಲು ಹನ್ನೆರಡು ನಿಮಿಷವನ್ನೂ ನೋಡಿದರೆ ಸರಾಸರಿ ಅವಧಿ 18 ಸೆಕೆಂಡು ಜಿಗಿಯುತ್ತದೆ, ಅದೇ 800 ವೀಕ್ಷಣೆಗಳಲ್ಲಿ ಒಂದು ಸೆಕೆಂಡೂ ಅಲುಗುವುದಿಲ್ಲ. ಆದ್ದರಿಂದ ಹುಡುಕಿ ಬಂದವರು ಮೊದಲಿನಷ್ಟೇ, ಅಂದರೆ ನಮ್ಮ ಉದಾಹರಣೆಯಲ್ಲಿ 800ರ ಹತ್ತಿರ ಬರುವವರೆಗೆ ಕಾದು, ಆಮೇಲೆ 0:30ರ ಅಂಕಿ, ಸರಾಸರಿ ಅವಧಿ, ಶೇಕಡಾವಾರು ಈ ಮೂರನ್ನೂ ಇದೇ ಕ್ರಮದಲ್ಲಿ ಓದಿ. 0:30ರ ಅಂಕಿ ಏರಿಯೂ ಅವಧಿ ಏರದಿದ್ದರೆ, ಹೊಸದಾಗಿ ಉಳಿದವರು ರೇಖೆಯ ಯಾವ ಜಾಗದಲ್ಲಿ ಎದ್ದುಹೋಗುತ್ತಿದ್ದಾರೆ ಎಂದು ಐದನೇ ಹಂತಕ್ಕೆ ಮರಳಿ ಹುಡುಕಬೇಕು.